2.20 ಅಂದರೆ ಎಷ್ಟು ಎಕರೆ? ಇಂಗ್ಲಿಷ್ ಕ್ರಯಪತ್ರದಲ್ಲಿ ಮೂವತ್ತು ಗುಂಟೆ ಕಾಣೆಯಾದ ಪ್ರಕರಣ

ಕೃಷಿ ಜಮೀನಿನ ಕ್ರಯಪತ್ರಗಳನ್ನು ಕನ್ನಡದಿಂದ ಇಂಗ್ಲಿಷಿಗೆ ತರುವುದು, ಇಂಗ್ಲಿಷಿನಲ್ಲೇ ಕರಡು ಮಾಡುವುದು ನನ್ನ ಕೆಲಸ. ಇದರಲ್ಲಿ ಜಾಸ್ತಿ ತೊಂದರೆ ಕೊಡುವುದು ಕಾನೂನಿನ ಭಾಷೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಜಮೀನಿನ ಅಳತೆ. ಅದರಲ್ಲೂ ಎಕರೆಗೂ ಗುಂಟೆಗೂ ನಡುವೆ ಇಡುವ ಒಂದು ಚುಕ್ಕಿ. ಆ ಚುಕ್ಕಿಯಿಂದ ಒಂದು ಮಾರಾಟದಲ್ಲಿ ಮೂವತ್ತು ಗುಂಟೆ ಹೇಗೆ ಕಾಣೆಯಾಗಿತ್ತು, ಹೇಗೆ ಪತ್ತೆಯಾಯಿತು, ಕೊನೆಗೆ ಪತ್ರದಲ್ಲಿ ಏನು ಬರೆದೆವು ಅನ್ನುವುದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಕುಟುಂಬದ ಗುರುತು ಸಿಗದ ಹಾಗೆ ಹೆಸರು, ಊರು, ಸರ್ವೆ ನಂಬರ್ ಬಿಟ್ಟಿದ್ದೇನೆ.

ಜಮೀನು ಇದ್ದದ್ದು ಗೌರಿಬಿದನೂರು ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಹತ್ತಿರ. ಎರಡು ಸರ್ವೆ ನಂಬರು, ಎರಡೂ ಖುಷ್ಕಿ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಯಾಗಿ ಅಣ್ಣ, ತಂಗಿ ಇಬ್ಬರ ಹೆಸರಿಗೂ ಜಂಟಿಯಾಗಿ ಬಂದಿತ್ತು. ಅಣ್ಣ ಊರಲ್ಲೇ ಇದ್ದು ಉಳುಮೆ ಮಾಡಿಸುತ್ತಿದ್ದರು. ತಂಗಿ ಅಮೆರಿಕದಲ್ಲಿ. ಕೊಳ್ಳುವವರು ಅನಂತಪುರದವರು, ತೆಲುಗು ಮತ್ತು ಇಂಗ್ಲಿಷ್ ಓದುತ್ತಾರೆ, ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ಕರಾರುಪತ್ರ, ತಂಗಿ ಅಣ್ಣನಿಗೆ ಕೊಡಬೇಕಾದ ಮುಖ್ತಿಯಾರ್ ಪತ್ರ, ಕೊನೆಗೆ ಕ್ರಯಪತ್ರ, ಮೂರೂ ಇಂಗ್ಲಿಷಿನಲ್ಲಿ ಇರಲಿ ಅಂತ ಎರಡೂ ಕಡೆಯವರು ಒಪ್ಪಿದ್ದರು.

ಮಾತಾಗಿದ್ದ ಬೆಲೆ ಎಕರೆಗೆ ನಲವತ್ತು ಲಕ್ಷ. ಎಕರೆಗೆ ನಲವತ್ತು ಗುಂಟೆ, ಅಂದರೆ ಗುಂಟೆಗೆ ಒಂದು ಲಕ್ಷ. ಊರ ಕಡೆ ವ್ಯಾಪಾರ ಹೀಗೆ ಬಾಯಿಲೆಕ್ಕಕ್ಕೆ ಸುಲಭವಾಗುವ ಹಾಗೆ ಕುದುರುವುದೇ ಜಾಸ್ತಿ.

ಕರಾರಿನ ಮೊದಲ ಕರಡು ಅನಂತಪುರದಲ್ಲಿ ತಯಾರಾಗಿ ಬಂತು. ಅಚ್ಚುಕಟ್ಟಾಗಿಯೇ ಇತ್ತು. ಮೊದಲನೇ ಸ್ವತ್ತು 2.20 ಎಕರೆ, ಎರಡನೇ ಸ್ವತ್ತು 1.30 ಎಕರೆ, ಒಟ್ಟು 3.50 ಎಕರೆ. ಎಕರೆಗೆ ನಲವತ್ತು ಲಕ್ಷದಂತೆ ಒಂದು ಕೋಟಿ ನಲವತ್ತು ಲಕ್ಷ. ಎರಡೂ ಅಂಕಿ ಪಹಣಿಯಲ್ಲಿ ಇದ್ದ ಹಾಗೇ ಇವೆ. ಕೂಡಿದ್ದೂ ಸರಿ, ಗುಣಿಸಿದ್ದೂ ಸರಿ. ಓದಿದರೆ ಎಲ್ಲೂ ತಪ್ಪು ಕಾಣುವುದಿಲ್ಲ.

ನಾನು ಆ ಕರಡನ್ನು ಕನ್ನಡದಲ್ಲಿ ಓದಿ ಹೇಳುವಾಗ ಅಣ್ಣ ಮೊತ್ತ ಬಂದ ಕೂಡಲೇ ತಡೆದರು. "ಅದು ಹೆಂಗೆ ಸ್ವಾಮಿ? ನೂರಾ ಎಪ್ಪತ್ತು ಗುಂಟೆ ನಮ್ದು. ಒಂದು ಕೋಟಿ ಎಪ್ಪತ್ತು ಲಕ್ಷ ಆಗ್ಬೇಕು" ಅಂದರು. ಅವರು ಪೆನ್ನು ಹಿಡಿಯಲಿಲ್ಲ. ಎರಡು ಎಕರೆ ಇಪ್ಪತ್ತು ಗುಂಟೆ ಅಂದರೆ ನೂರು ಗುಂಟೆ. ಒಂದು ಎಕರೆ ಮೂವತ್ತು ಗುಂಟೆ ಅಂದರೆ ಎಪ್ಪತ್ತು. ಒಟ್ಟು ನೂರ ಎಪ್ಪತ್ತು. ಅವರ ಲೆಕ್ಕ ಅಷ್ಟೇ, ಮತ್ತು ಅದೇ ಸರಿ.

ಹಾಗಾದರೆ ಮೂವತ್ತು ಲಕ್ಷ ಎಲ್ಲಿ ಹೋಯಿತು?

ನಮ್ಮ ಪಹಣಿಯಲ್ಲಿ ವಿಸ್ತೀರ್ಣ 2.20.00.00 ಅನ್ನುವ ರೂಪದಲ್ಲಿ ಅಚ್ಚಾಗುತ್ತದೆ. ಮೊದಲ ಅಂಕಿ ಎಕರೆ, ಎರಡನೆಯದು ಗುಂಟೆ, ಮೂರನೆಯದು ಆಣೆ. ಅಲ್ಲಿರುವ ಚುಕ್ಕಿ ದಶಮಾಂಶದ ಚುಕ್ಕಿ ಅಲ್ಲ, ಒಂದು ಮಾನವನ್ನು ಇನ್ನೊಂದರಿಂದ ಬೇರೆ ಮಾಡುವ ಗುರುತು. ಹಳೆಯ ಕೈಬರಹದ ಪತ್ರಗಳಲ್ಲಿ ಅದೇ ಜಾಗದಲ್ಲಿ ಅಡ್ಡಗೆರೆ ಇರುತ್ತಿತ್ತು, 2-20 ಅಂತ. ಪಕ್ಕದಲ್ಲೇ ಅಕ್ಷರದಲ್ಲಿ ಎರಡು ಎಕರೆ ಇಪ್ಪತ್ತು ಗುಂಟೆ ಅಂತಲೂ ಬರೆಯುತ್ತಿದ್ದರು. ಕಂಪ್ಯೂಟರ್ ಪಹಣಿಯಲ್ಲಿ ಅಡ್ಡಗೆರೆ ಹೋಗಿ ಚುಕ್ಕಿ ಬಂತು. ಆ ಚುಕ್ಕಿಯನ್ನು ಇಂಗ್ಲಿಷ್ ವಾಕ್ಯದೊಳಗೆ ತಂದು ಮುಂದೆ ಎಕರೆ ಅಂತ ಬರೆದ ಕೂಡಲೇ ಅದು ದಶಮಾಂಶವಾಗಿಬಿಡುತ್ತದೆ. ಇಂಗ್ಲಿಷಿನಲ್ಲಿ 2.20 ಎಕರೆ ಅಂದರೆ ಎರಡು ಎಕರೆ ಮತ್ತು ಒಂದು ಎಕರೆಯ ನೂರರಲ್ಲಿ ಇಪ್ಪತ್ತು ಪಾಲು. ಇಪ್ಪತ್ತು ಪಾಲು ಅಂದರೆ ಎಂಟು ಗುಂಟೆ. ಅಂದರೆ ಇಪ್ಪತ್ತು ಗುಂಟೆ ಇದ್ದದ್ದು ಎಂಟಾಯಿತು, ಹನ್ನೆರಡು ಗುಂಟೆ ಹೋಯಿತು. ಇದೇ ರೀತಿ 1.30 ಎಕರೆ ಅಂದರೆ ಒಂದು ಎಕರೆ ಹನ್ನೆರಡು ಗುಂಟೆ. ಅಲ್ಲಿ ಹದಿನೆಂಟು ಗುಂಟೆ ಹೋಯಿತು. ಹನ್ನೆರಡೂ ಹದಿನೆಂಟೂ ಸೇರಿದರೆ ಮೂವತ್ತು.

ಅನಂತಪುರದಲ್ಲಿ ಕರಡು ಮಾಡಿದವರ ಮೇಲೆ ಅನುಮಾನ ಪಡುವ ಅಗತ್ಯ ಇರಲಿಲ್ಲ. ಅವರ ಕಡೆ ನಮ್ಮ ಪಹಣಿಯಂಥದ್ದೇ ದಾಖಲೆಯಾದ ಅಡಂಗಲ್‌ನಲ್ಲಿ ವಿಸ್ತೀರ್ಣ ಇರುವುದು ಎಕರೆ ಮತ್ತು ಸೆಂಟ್ಸ್‌ನಲ್ಲಿ. ಒಂದು ಎಕರೆಗೆ ನೂರು ಸೆಂಟ್ಸ್. ಅಲ್ಲಿ 2.20 ಅಂದರೆ ಎರಡು ಎಕರೆ ಇಪ್ಪತ್ತು ಸೆಂಟ್ಸ್, ಮತ್ತು ಅದನ್ನು ದಶಮಾಂಶ ಅಂತ ಓದಿದರೂ ಅದೇ ಉತ್ತರ. ಅವರಿಗೆ ಆ ಚುಕ್ಕಿ ಯಾವತ್ತೂ ಮೋಸ ಮಾಡಿಲ್ಲ. ಗಡಿ ದಾಟಿ ನಾಲ್ಕು ಹೆಜ್ಜೆ ಈಚೆ ಬಂದರೆ ಅದೇ ಬರಹಕ್ಕೆ ಬೇರೆ ಅರ್ಥ. ತೆಲುಗು ಮಾತಾಡುವವರೆಲ್ಲ ಸೆಂಟ್ಸ್ ಲೆಕ್ಕದವರು ಅಂತಲೂ ತಿಳಿಯಬಾರದು. ತೆಲಂಗಾಣದಲ್ಲಿ ನಮ್ಮ ಹಾಗೇ ಎಕರೆಗೆ ನಲವತ್ತು ಗುಂಟೆ.

ನಮ್ಮ ರಾಜ್ಯದೊಳಗೂ ಇದು ಒಂದೇ ಥರ ಇಲ್ಲ. 1956ಕ್ಕೆ ಮೊದಲು ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ, ಉಡುಪಿ ಕಡೆ ಜನ ಮಾತಾಡುವುದೇ ಸೆಂಟ್ಸ್‌ನಲ್ಲಿ. "ಹತ್ತು ಸೆಂಟ್ಸ್ ಜಾಗ" ಅಂದರೆ ಮಂಗಳೂರಿನವರಿಗೆ ಕಣ್ಣಿಗೆ ಕಟ್ಟುತ್ತದೆ, ತುಮಕೂರಿನವರು ಅದನ್ನು ನಾಲ್ಕು ಗುಂಟೆ ಅಂತ ತಿರುಗಿಸಿಕೊಳ್ಳಬೇಕು. ಹಾಗಾಗಿ ಪತ್ರ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಜಮೀನು ಯಾವ ಜಿಲ್ಲೆಯದು ಅನ್ನುವುದನ್ನು. ಆಮೇಲೆ ಅಂಕಿ.

ಅಂಕಿಯನ್ನೇ ನೋಡಿ ಕಂಡುಹಿಡಿಯುವ ಒಂದು ದಾರಿಯೂ ಇದೆ. ಗುಂಟೆಯ ಜಾಗದಲ್ಲಿ ನಲವತ್ತು ಅಥವಾ ಅದಕ್ಕಿಂತ ದೊಡ್ಡ ಅಂಕಿ ಬರಲು ಸಾಧ್ಯವೇ ಇಲ್ಲ. ನಲವತ್ತಾದ ಕೂಡಲೇ ಅದು ಒಂದು ಎಕರೆಯಾಗಿ ಎಡಕ್ಕೆ ಹೋಗುತ್ತದೆ. ನಮ್ಮ ಕರಡಿನಲ್ಲಿ ಒಟ್ಟು 3.50 ಅಂತ ಇತ್ತಲ್ಲ, ಅದನ್ನು ಗುಂಟೆ ಲೆಕ್ಕದಲ್ಲಿ ಓದಿದರೆ ಮೂರು ಎಕರೆ ಐವತ್ತು ಗುಂಟೆ ಅಂತಾಗುತ್ತದೆ. ಅಂಥ ಅಳತೆ ಇಲ್ಲ. ಅದು ನಾಲ್ಕು ಎಕರೆ ಹತ್ತು ಗುಂಟೆ. ಆ ಐವತ್ತನ್ನು ಕಂಡ ಕೂಡಲೇ ಯಾರೋ ಕ್ಯಾಲ್ಕುಲೇಟರಿನಲ್ಲಿ ಎಕರೆ-ಗುಂಟೆಯನ್ನು ದಶಮಾಂಶದ ಹಾಗೆ ಕೂಡಿದ್ದಾರೆ ಅಂತ ಹೇಳಿಬಿಡಬಹುದು. ಆದರೆ ಈ ಪರೀಕ್ಷೆ ಒಂದೇ ಕಡೆ ಕೆಲಸ ಮಾಡುತ್ತದೆ. ನಲವತ್ತಕ್ಕಿಂತ ಕಡಿಮೆ ಇದ್ದರೆ ಅದು ಗುಂಟೆಯೂ ಇರಬಹುದು, ಸೆಂಟ್ಸೂ ಇರಬಹುದು. ಬಿಡಿಬಿಡಿಯಾಗಿ ನೋಡಿದರೆ 2.20 ಮತ್ತು 1.30 ಎರಡೂ ಏನೂ ಸುಳಿವು ಕೊಡುವುದಿಲ್ಲ. ಒಟ್ಟು ಮೊತ್ತದಲ್ಲಿ ಮಾತ್ರ ಗುಟ್ಟು ಬಯಲಾಯಿತು. ಎರಡನೇ ಸ್ವತ್ತು 1.05 ಆಗಿದ್ದರೆ ಒಟ್ಟು 3.25 ಬರುತ್ತಿತ್ತು. ಅದು ಗುಂಟೆ ಲೆಕ್ಕಕ್ಕೂ ಸರಿ ಕಾಣುತ್ತದೆ, ದಶಮಾಂಶಕ್ಕೂ ಸರಿ ಕಾಣುತ್ತದೆ. ಆಗ ಅಣ್ಣನ ಬಾಯಿಲೆಕ್ಕ ಬಿಟ್ಟರೆ ಇನ್ನೇನೂ ನಮ್ಮನ್ನು ಎಚ್ಚರಿಸುತ್ತಿರಲಿಲ್ಲ.

ಆದ್ದರಿಂದ ನಾನು ಎಕರೆ-ಗುಂಟೆಯನ್ನು ಯಾವತ್ತೂ ನೇರವಾಗಿ ಕೂಡುವುದಿಲ್ಲ. ಮೊದಲು ಎಲ್ಲವನ್ನೂ ಗುಂಟೆ ಮಾಡಿಕೊಳ್ಳುತ್ತೇನೆ. ಎಕರೆಯನ್ನು ನಲವತ್ತರಿಂದ ಗುಣಿಸಿ ಗುಂಟೆ ಸೇರಿಸುವುದು, ಎಲ್ಲವನ್ನೂ ಕೂಡುವುದು, ಕೊನೆಗೆ ಬೇಕಾದ ಮಾನಕ್ಕೆ ತಿರುಗಿಸುವುದು. ಈ ಪ್ರಕರಣದ ಲೆಕ್ಕ ಹೀಗಿತ್ತು:

```
2 x 40 + 20 = 100
1 x 40 + 30 =  70
100 + 70    = 170
170 / 40    = 4.25
170 x 1089  = 185130
```

ನೂರ ಎಪ್ಪತ್ತು ಗುಂಟೆಯನ್ನು ನಲವತ್ತರಿಂದ ಭಾಗಿಸಿದರೆ 4.25. ಇದು ನಿಜವಾದ ದಶಮಾಂಶ ಎಕರೆ, ಅಂದರೆ ನಾಲ್ಕೂಕಾಲು ಎಕರೆ. ಎಕರೆ-ಗುಂಟೆಯಲ್ಲಿ ನಾಲ್ಕು ಎಕರೆ ಹತ್ತು ಗುಂಟೆ. ಇಲ್ಲಿ ಇನ್ನೊಂದು ಹಳ್ಳ ಕಾದಿರುತ್ತದೆ. 4.25 ಅನ್ನು ಪತ್ರದಲ್ಲಿ ಹಾಗೇ ಹಾಕಿದರೆ, ನಮ್ಮ ಕಡೆಯವರು ಅದನ್ನು ನಾಲ್ಕು ಎಕರೆ ಇಪ್ಪತ್ತೈದು ಗುಂಟೆ ಅಂತ ಓದುತ್ತಾರೆ! ಆಗ ತಪ್ಪು ಉಲ್ಟಾ ಕಡೆ ಹೋಗಿ ಕೊಳ್ಳುವವರಿಗೆ ಹದಿನೈದು ಗುಂಟೆ ಜಾಸ್ತಿ ತೋರಿಸುತ್ತದೆ. ಯಾವ ಕಡೆಯಿಂದ ಬಂದರೂ ಬರಿಯ ಚುಕ್ಕಿ ಇರುವ ಎಕರೆ ಅಂಕಿಯನ್ನು ಪತ್ರದಲ್ಲಿ ಒಂಟಿಯಾಗಿ ಬಿಡಬಾರದು ಅನ್ನುವುದು ಅದಕ್ಕೇ.

ಗುಂಟೆಯ ಅಳತೆ ಮಾತ್ರ ಬಹಳ ಗಟ್ಟಿ. 33 ಅಡಿ ಉದ್ದ, 33 ಅಡಿ ಅಗಲ, 1,089 ಚದರ ಅಡಿ. ಸರ್ವೆಯಲ್ಲಿ ಬಳಸುತ್ತಿದ್ದ 66 ಅಡಿಯ ಸರಪಳಿಯ ಅರ್ಧ 33 ಅಡಿ. ಎಕರೆಗೆ 43,560 ಚದರ ಅಡಿ, ಅದನ್ನು ನಲವತ್ತು ಪಾಲು ಮಾಡಿದರೆ ಸರಿಯಾಗಿ 1,089 ಬರುತ್ತದೆ, ಒಂದು ಚೂರೂ ಉಳಿಯುವುದಿಲ್ಲ. ಹಾಗಾಗಿ ಚದರ ಅಡಿಗೆ ತಿರುಗಿಸುವಾಗ ಅಂದಾಜು ಮಾಡುವ ಮಾತೇ ಇಲ್ಲ. ಗುಂಟೆಯ ಹದಿನಾರನೇ ಒಂದು ಪಾಲು ಆಣೆ. ನಮ್ಮ ಸ್ವತ್ತುಗಳಲ್ಲಿ ಆಣೆ ಇರಲಿಲ್ಲ. ಇದ್ದಿದ್ದರೆ ಅಲ್ಲೂ ಇದೇ ಎಚ್ಚರ ಬೇಕು. ಪಹಣಿಯಲ್ಲಿ 1.30.08 ಅಂತ ಇದ್ದರೆ ಮೂವತ್ತು ಗುಂಟೆಯ ಮೇಲೆ ಎಂಟು ಆಣೆ, ಅಂದರೆ ಅರ್ಧ ಗುಂಟೆ. ಅದನ್ನು 30.8 ಗುಂಟೆ ಅಂತ ಟೈಪ್ ಮಾಡಿದ ಪತ್ರಗಳೂ ಇವೆ.

ಚದರ ಮೀಟರ್ ವಿಷಯದಲ್ಲಿ ಮಾತ್ರ ಚಿಲ್ಲರೆ ಉಳಿಯುತ್ತದೆ. ಕೊಳ್ಳುವವರಿಗೆ ತಮ್ಮ ಕಡತಕ್ಕೆ ಚದರ ಮೀಟರಿನ ಅಂಕಿಯೂ ಬೇಕಿತ್ತು. ಒಂದು ಗುಂಟೆಗೆ ಸುಮಾರು 101.17 ಚದರ ಮೀಟರ್. ಸುಮ್ನೆ ನೂರು ಅಂತ ಹಿಡಿದರೆ ಏನಾಗುತ್ತೆ ಅಂತ ಕೇಳುವವರಿದ್ದಾರೆ. ನೂರ ಎಪ್ಪತ್ತು ಗುಂಟೆಗೆ 17,000 ಬರುತ್ತದೆ, ನಿಜವಾದ ಅಂಕಿ 17,199. ಸುಮಾರು ಎರಡು ಗುಂಟೆಯ ವ್ಯತ್ಯಾಸ, ಈ ವ್ಯಾಪಾರದಲ್ಲಿ ಹತ್ತಿರ ಹತ್ತಿರ ಎರಡು ಲಕ್ಷ. ಹಾಗಾಗಿ ಒಂದೊಂದು ಸ್ವತ್ತನ್ನೂ ತಿರುಗಿಸಿ, ಪೂರ್ಣಾಂಕ ಮಾಡಿ, ಆಮೇಲೆ ಕೂಡುವ ಬದಲು, ಗುಂಟೆಯಲ್ಲೇ ಕೂಡಿ ಕೊನೆಗೆ ಒಂದೇ ಸಲ ತಿರುಗಿಸುವುದು ಒಳ್ಳೆಯದು. ಪತ್ರದಲ್ಲಿ ಮೀಟರಿನ ಅಂಕಿ ಹಾಕುವಾಗ ಅದರ ಹಿಂದೆ ಸುಮಾರು ಅನ್ನುವ ಅರ್ಥದ ಮಾತು ಇರಬೇಕು, ಎಕರೆ-ಗುಂಟೆಯ ಜೊತೆ ಅದು ಇರಕೂಡದು. ದಾಖಲೆಯಲ್ಲಿರುವ ಅಳತೆ ಎಕರೆ-ಗುಂಟೆ. ಉಳಿದವು ಅದರಿಂದ ಹುಟ್ಟಿದವು.

ಮೂವತ್ತು ಗುಂಟೆಯ ಕಥೆ ಬರೀ ದುಡ್ಡಿನದು ಅಂತ ಮೊದಲು ಎಲ್ಲರಿಗೂ ಅನ್ನಿಸಿತ್ತು. "ಮೊತ್ತ ಒಂದು ತಿದ್ದಿದರೆ ಆಯ್ತಲ್ಲ ಸಾರ್, ಸರ್ವೆ ನಂಬರ್ ಹೇಗೂ ಇದೆ" ಅಂತ ಕೊಳ್ಳುವವರು ಫೋನಿನಲ್ಲಿ ಕೇಳಿದರು. ಅವರಿಗೆ ನಾನು ಹೇಳಿದ್ದು ಇಷ್ಟು: ಪಹಣಿಯಲ್ಲಿ ಇರುವುದು ಎರಡು ಎಕರೆ ಇಪ್ಪತ್ತು ಗುಂಟೆ. ನೀವು ಕೊಂಡಿರುವುದು 2.20 ಎಕರೆ ಅಂತ ಪತ್ರ ಹೇಳಿದರೆ, ಅಂದರೆ ಎರಡು ಎಕರೆ ಎಂಟು ಗುಂಟೆ ಅಂತಾದರೆ, ಉಳಿದ ಹನ್ನೆರಡು ಗುಂಟೆ ಮಾರುವವರ ಹೆಸರಲ್ಲೇ ಉಳಿದಿದೆ ಅಂತ ನಾಳೆ ಯಾರಾದರೂ ವಾದಿಸಬಹುದು. ಎರಡನೇ ನಂಬರಿನಲ್ಲಿ ಹದಿನೆಂಟು ಗುಂಟೆ. ಈಗಿನ ಅಣ್ಣ-ತಂಗಿ ವಾದಿಸದಿರಬಹುದು, ಅವರ ಮಕ್ಕಳ ಕಾಲಕ್ಕೆ ಏನಾಗುತ್ತದೋ ಯಾರಿಗೆ ಗೊತ್ತು. ಮೇಲಾಗಿ, ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗ ಮಾತ್ರ ಮಾರುವುದಾದರೆ ಮೊದಲು ಅಳತೆ ಮಾಡಿಸಿ, ಮಾರುವ ಭಾಗವನ್ನು ಗುರುತಿಸುವ 11ಇ ನಕ್ಷೆ ಪಡೆಯಬೇಕು. ಪೂರ್ತಿ ಮಾರುತ್ತಿರುವ ಜಮೀನನ್ನು ಪತ್ರ ಭಾಗಶಃ ಮಾರಾಟದ ಹಾಗೆ ತೋರಿಸಿದರೆ, ಇಲ್ಲದ ತಕರಾರನ್ನು ನಾವೇ ಕೂರಿಸಿದ ಹಾಗೆ.

ಚಕ್ಬಂದಿ ಇದೆಯಲ್ಲ, ಅದು ಕಾಪಾಡುವುದಿಲ್ಲವೇ? ಒಂದು ಮಟ್ಟಿಗೆ ಕಾಪಾಡುತ್ತದೆ. ನಾಲ್ಕು ದಿಕ್ಕಿನ ಗಡಿ ಸ್ಪಷ್ಟವಾಗಿದ್ದು ವಿಸ್ತೀರ್ಣದ ಅಂಕಿ ಅದಕ್ಕೆ ಹೊಂದದಿದ್ದರೆ, ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಬಂದಿಗೇ ಹೆಚ್ಚು ತೂಕ ಕೊಡುತ್ತವೆ. ಆದರೆ ಅದು ದಾವೆ ಹೂಡಿದ ಮೇಲಿನ ಮಾತು. ಅದಕ್ಕಿಂತ ದೊಡ್ಡ ಅಡ್ಡಿ ಈ ಪ್ರಕರಣದಲ್ಲಿ ಬೆಲೆ. ಎಕರೆಗೆ ನಲವತ್ತು ಲಕ್ಷ, 3.50 ಎಕರೆಗೆ ಒಂದು ಕೋಟಿ ನಲವತ್ತು ಲಕ್ಷ ಅಂತ ಕರಾರಿನಲ್ಲೇ ಗುಣಿಸಿ ಬರೆದಿದ್ದರೆ, ಮೂರೂವರೆ ಎಕರೆಯೇ ಎರಡೂ ಕಡೆಯವರ ಉದ್ದೇಶ ಅಂತ ಓದಲು ಆ ಗುಣಾಕಾರವೇ ಸಾಕ್ಷಿಯಾಗುತ್ತದೆ.

ಇನ್ನು ತಂಗಿಯ ಮುಖ್ತಿಯಾರ್ ಪತ್ರ. ಅವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಣಕ್ಕೆ ಸಮಯ ಗೊತ್ತು ಮಾಡಿಕೊಂಡು, ಅದೇ ಕರಾರಿನ ಕರಡಿನಿಂದ ಸ್ವತ್ತಿನ ವಿವರ ಎತ್ತಿಕೊಂಡಿದ್ದರು. ಅಲ್ಲೂ 2.20 ಎಕರೆ, 1.30 ಎಕರೆ. ಮುಖ್ತಿಯಾರ್ ಪತ್ರ ಹಿಡಿದು ಸಹಿ ಮಾಡುವವರಿಗೆ ಆ ಪತ್ರದಲ್ಲಿ ವರ್ಣಿಸಿದ ಸ್ವತ್ತಿನ ಮೇಲೆ ಮಾತ್ರ ಅಧಿಕಾರ. ಕ್ರಯಪತ್ರ ತಿದ್ದಿ ಇದನ್ನು ಹಾಗೇ ಬಿಟ್ಟರೆ, ಅಣ್ಣ ತಂಗಿಯ ಪರವಾಗಿ ಮೂರೂವರೆ ಎಕರೆ ಮಾರುವ ಅಧಿಕಾರ ಪಡೆದು ನಾಲ್ಕೂಕಾಲು ಎಕರೆ ಮಾರಿದ ಹಾಗೆ ಕಾಣುತ್ತದೆ. ಅದಕ್ಕೆ ಅವರು ದೂತಾವಾಸಕ್ಕೆ ಹೋಗುವ ಮೊದಲೇ ಹೊಸ ವಿವರ ಕಳಿಸಿದೆವು. "ಅಣ್ಣಾ, ನಾನು ಪಹಣಿ ನೋಡ್ಕೊಂಡೇ ಚೆಕ್ ಮಾಡಿದ್ದೆ, ಅಂಕಿ ಎರಡೂ ಒಂದೇ ಇತ್ತಲ್ಲ" ಅಂತ ಅವರು ಅಣ್ಣನಿಗೆ ಹೇಳಿದರಂತೆ. ಅವರು ಹೇಳಿದ್ದು ನಿಜ. ಅಂಕಿ ಒಂದೇ ಇತ್ತು. ಮಾನ ಬೇರೆಯಾಗಿತ್ತು.

ಖರಾಬಿನ ವಿಷಯ ಆಗ ಎದ್ದಿತು. ಮೊದಲನೇ ಸರ್ವೆ ನಂಬರಿನ ಪಹಣಿಯಲ್ಲಿ ಒಟ್ಟು ವಿಸ್ತೀರ್ಣ 2.24, ಬಿ ಖರಾಬು 0.04, ಉಳಿಕೆ 2.20 ಅಂತ ಇತ್ತು. ನಾಲ್ಕು ಗುಂಟೆ ಬಂಡಿದಾರಿ. ಕೊಳ್ಳುವವರು ಜಾಗದಲ್ಲಿ ಅಳತೆ ಮಾಡಿಸಿದಾಗ ದಾರಿಯೂ ಸೇರಿ ಎರಡು ಎಕರೆ ಇಪ್ಪತ್ನಾಲ್ಕು ಗುಂಟೆ ಬಂದಿತ್ತು. ಅವರು ಅಷ್ಟನ್ನೂ ಪತ್ರದಲ್ಲಿ ಹಾಕಬಹುದಾ ಅಂತ ಕೇಳಿದರು. ಆಗುವುದಿಲ್ಲ. ಎ ಖರಾಬು ಅಂದರೆ ಹಿಡುವಳಿಯೊಳಗೇ ಇರುವ, ಉಳಲು ಬಾರದ ಜಾಗ, ಬಂಡೆ, ಕಣ, ಹೊಲದೊಳಗಿನ ಕಟ್ಟಡ ಇಂಥವು. ಅದಕ್ಕೆ ಕಂದಾಯ ಇಲ್ಲ, ಆದರೆ ಹಿಡುವಳಿಯ ಜೊತೆ ಬರುತ್ತದೆ. ಬಿ ಖರಾಬು ಸಾರ್ವಜನಿಕರದ್ದು: ದಾರಿ, ಹಳ್ಳ, ಸ್ಮಶಾನ. ಅದನ್ನು ಖಾತೆದಾರರು ಮಾರಲು ಬರುವುದಿಲ್ಲ. ಕರಡಿನ ಇಂಗ್ಲಿಷಿನಲ್ಲಿ ಇದನ್ನು ಪಾಳು ಭೂಮಿ ಅನ್ನುವ ಅರ್ಥ ಬರುವ ಹಾಗೆ ಅನುವಾದ ಮಾಡಿದ್ದರು. ಓದಿದವರಿಗೆ ಅದು ಮಾರುವವರದೇ ಬೀಳು ಬಿದ್ದ ಜಾಗ ಅನ್ನಿಸುತ್ತದೆ. ನಾನು ಖರಾಬು ಅನ್ನುವ ಮಾತನ್ನು ಇಂಗ್ಲಿಷಿನಲ್ಲೂ ಹಾಗೇ ಉಳಿಸಿ, ಎ ಅಥವಾ ಬಿ ಅಂತ ಹೇಳಿ, ಸೇರಿದೆಯೋ ಬಿಟ್ಟಿದೆಯೋ ಅನ್ನುವುದನ್ನು ಬರೆಯುತ್ತೇನೆ.

ಗುಂಟೆಯೂ ಹಾಗೇ. ಇಂಗ್ಲಿಷಿನಲ್ಲಿ ಅದಕ್ಕೆ ಬೇರೆ ಹೆಸರು ಹುಡುಕುವುದು ಬೇಡ, ಸೆಂಟ್ಸ್ ಅಂತಲೋ ಚದರ ಗಜ ಅಂತಲೋ ಬದಲಿಸುವುದೂ ಬೇಡ. ಕರ್ನಾಟಕದ ಇಂಗ್ಲಿಷ್ ಪತ್ರಗಳಲ್ಲಿ ಬಳಕೆಯಲ್ಲಿರುವ ಕಾಗುಣಿತ `Gunta`, ಒಂದಕ್ಕಿಂತ ಹೆಚ್ಚಿದ್ದರೆ `Guntas`. ಮಹಾರಾಷ್ಟ್ರದ ಕಡೆ `Guntha` ಅಂತ ಬರೆಯುವುದು ರೂಢಿ. ಎರಡೂ ಒಂದೇ ಅಳತೆ. ಯಾವುದನ್ನು ಆರಿಸಿದರೂ ಪತ್ರದ ಉದ್ದಕ್ಕೂ ಅದೊಂದೇ ಇರಲಿ. ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ ಇದ್ದರೆ ಇದೇನು ಬೇರೆ ಮಾನವೋ ಅಂತ ದೂರದವರು ಕೇಳುತ್ತಾರೆ. ಆಣೆಗೆ `Annas`. ಹೋಬಳಿ, ತಾಲ್ಲೂಕು, ಖಾತೆ ಕೂಡ ಹಾಗೇ ಉಳಿಯಬೇಕು. ಖುಷ್ಕಿ, ತರಿ, ಬಾಗಾಯ್ತುಗಳಿಗೆ ಮಾತ್ರ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ನಿಂತ ಮಾತುಗಳಿವೆ. ಒಣಭೂಮಿ, ನೀರಾವರಿ ಭೂಮಿ, ತೋಟ ಅನ್ನುವ ಅರ್ಥದ ಇಂಗ್ಲಿಷ್ ಪದಗಳನ್ನು ಹಾಕಬಹುದು.

ಕೊನೆಗೆ ಕರಾರು, ಮುಖ್ತಿಯಾರ್, ಕ್ರಯಪತ್ರ ಮೂರರಲ್ಲೂ ಒಂದಕ್ಷರ ವ್ಯತ್ಯಾಸವಿಲ್ಲದೆ ಹಾಕಿದ ಸ್ವತ್ತಿನ ವಿವರ ಇದು. ಚಕ್ಬಂದಿ, ಊರು, ಸರ್ವೆ ನಂಬರ್ ಬಿಟ್ಟು ಅಳತೆಯ ಭಾಗ ಮಾತ್ರ ಕೊಟ್ಟಿದ್ದೇನೆ:

```
Item No. 1: dry land measuring 2 Acres 20 Guntas,
in words Two Acres and Twenty Guntas,
excluding 4 Guntas of B-Kharab.

Item No. 2: dry land measuring 1 Acre 30 Guntas,
in words One Acre and Thirty Guntas.

Total extent of Items 1 and 2: 4 Acres 10 Guntas,
that is, 170 Guntas or 1,85,130 sq. ft.,
approximately 17,199 sq. metres.

In this deed 1 Acre = 40 Guntas
and 1 Gunta = 1,089 sq. ft.
```

ಇದರಲ್ಲಿ ಎಲ್ಲೂ ಚುಕ್ಕಿ ಇರುವ ಎಕರೆ ಅಂಕಿ ಇಲ್ಲ. ಪ್ರತಿ ಅಂಕಿಯ ಮುಂದೆ ಅದರ ಮಾನ ಇದೆ, ಎರಡೂ ಸ್ವತ್ತಿನ ಅಳತೆ ಅಕ್ಷರದಲ್ಲೂ ಇದೆ. ಕೊನೆಯ ಎರಡು ಸಾಲು ನನ್ನ ಮಟ್ಟಿಗೆ ಬಹಳ ಮುಖ್ಯ. ಪತ್ರ ಓದುವವರು ಅನಂತಪುರದವರಿರಲಿ, ಮಂಗಳೂರಿನವರಿರಲಿ, ಅಮೆರಿಕದ ವಕೀಲರಿರಲಿ, ಲೆಕ್ಕದ ಕೀಲಿಕೈ ಪತ್ರದೊಳಗೇ ಸಿಗುತ್ತದೆ. ಬೆಲೆಯ ಷರತ್ತಿನಲ್ಲೂ ಎಕರೆಗೆ ನಲವತ್ತು ಲಕ್ಷ, ಅಂದರೆ ಗುಂಟೆಗೆ ಒಂದು ಲಕ್ಷ, ನೂರ ಎಪ್ಪತ್ತು ಗುಂಟೆಗೆ ಒಂದು ಕೋಟಿ ಎಪ್ಪತ್ತು ಲಕ್ಷ ಅಂತ ಬಿಡಿಸಿ ಬರೆದೆವು. ಚದರ ಅಡಿಯ ಅಂಕಿಯಲ್ಲಿ ಅಲ್ಪವಿರಾಮ ನಮ್ಮ ಲಕ್ಷದ ಲೆಕ್ಕದಲ್ಲಿದೆ. ತಂಗಿಯ ಕಡೆ ಪತ್ರ ನೋಡಿದವರು 185,130 ಅಂತ ಇರಬೇಕಲ್ಲವೇ ಅಂದರಂತೆ. ಭಾರತದಲ್ಲಿ ನೋಂದಣಿಯಾಗುವ ಪತ್ರ, ಹಾಗಾಗಿ ನಮ್ಮ ರೀತಿಯಲ್ಲೇ ಇಟ್ಟೆವು.

ಕೊಳ್ಳುವವರು ಮೂವತ್ತು ಲಕ್ಷ ಜಾಸ್ತಿ ಕೊಡಲು ಒಪ್ಪಿದರಾ ಅಂತ ಈ ವಿಷಯ ಕೇಳಿದವರೆಲ್ಲ ಕೇಳುತ್ತಾರೆ. ಒಂದು ದಿನ ಯೋಚನೆಗೆ ತೆಗೆದುಕೊಂಡರು. ಜಮೀನು ನೋಡಲು ಬಂದಾಗ ಅವರು ಹೊಲದ ನಾಲ್ಕು ಮೂಲೆಯನ್ನೂ ನಡೆದು ನೋಡಿದ್ದರು. ಅಷ್ಟೂ ಹೊಲ ಬೇಕು ಅನ್ನುವುದೇ ಅವರ ಮನಸ್ಸಿನಲ್ಲಿ ಇದ್ದದ್ದು. ತಾವೇ ಮಾಡಿಸಿದ ಅಳತೆ ಕೈಯಲ್ಲಿ ಇತ್ತು. ಅದರಲ್ಲಿ ಅಳತೆಗಾರ ಚದರ ಅಡಿಯಲ್ಲೂ ಬರೆದಿದ್ದ. ಅದನ್ನು 43,560ರಿಂದ ಭಾಗಿಸಿ, ಖರಾಬು ಕಳೆದು, ನಾಲ್ಕೂಕಾಲು ಎಕರೆ ಅಂತ ಅವರೇ ಕಂಡುಕೊಂಡರು. ಆ ಮೇಲೆ ಮಾತು ಬೆಳೆಯಲಿಲ್ಲ.

ಇದು ಕರಾರಿಗೆ ಸಹಿ ಬೀಳುವ ಮೊದಲೇ ಸಿಕ್ಕಿಬಿದ್ದ ತಪ್ಪು. ನೋಂದಣಿಯಾದ ಮೇಲೆ ಸಿಕ್ಕಿದ್ದರೆ ದಾರಿ ಬೇರೆ. ಮಾರಿದವರೂ ಕೊಂಡವರೂ ಇಬ್ಬರೂ ಒಪ್ಪಿದರೆ ತಿದ್ದುಪಡಿ ಪತ್ರ ಮಾಡಿ ಅದನ್ನೂ ನೋಂದಾಯಿಸಬೇಕು. ಮೂಲ ಪತ್ರಕ್ಕೆ ಸಹಿ ಹಾಕಿದವರೆಲ್ಲರೂ, ತೀರಿಕೊಂಡಿದ್ದರೆ ಅವರ ವಾರಸುದಾರರು, ಇದಕ್ಕೂ ಸಹಿ ಹಾಕಬೇಕು. ಮುಖ್ತಿಯಾರ್ ಮೂಲಕ ಸಹಿಯಾಗಿದ್ದರೆ ತಿದ್ದುಪಡಿ ಪತ್ರಕ್ಕೆ ಸಹಿ ಮಾಡುವ ಅಧಿಕಾರವೂ ಆ ಮುಖ್ತಿಯಾರಿನಲ್ಲಿ ಇದೆಯೇ ಅಂತ ನೋಡಬೇಕು. ಈ ಪ್ರಕರಣದಲ್ಲಿ ಹೊಸ ಮುಖ್ತಿಯಾರ್ ಪತ್ರಕ್ಕೆ ಆ ಒಂದು ಅಧಿಕಾರವನ್ನೂ ಸೇರಿಸಿಬಿಟ್ಟೆವು, ಬೇಕಾಗಲಿಲ್ಲ. ಒಂದು ಕಡೆಯವರು ಒಪ್ಪದಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಮಿನಡಿ ಸಿವಿಲ್ ನ್ಯಾಯಾಲಯಕ್ಕೆ ಹೋಗಿ, ಇಬ್ಬರ ತಪ್ಪು ತಿಳಿವಳಿಕೆಯಿಂದ ಪತ್ರ ನಿಜವಾದ ಉದ್ದೇಶವನ್ನು ಹೇಳುತ್ತಿಲ್ಲ ಅಂತ ತೋರಿಸಬೇಕು. ಅಲ್ಲಿ ಸಹಾಯಕ್ಕೆ ಬರುವುದು ಪಹಣಿ, ಸರ್ವೆ ದಾಖಲೆಗಳಾದ ಆಕಾರಬಂದ್, ಟಿಪ್ಪಣಿ ಮತ್ತು ಹಣ ಎಷ್ಟು ಸಂದಾಯವಾಗಿದೆ ಅನ್ನುವ ಬ್ಯಾಂಕ್ ದಾಖಲೆ. ಇದಕ್ಕೆ ಒಂದು ಮಿತಿಯೂ ಇದೆ. ಅಷ್ಟರಲ್ಲಿ ಬೇರೆಯವರು ಆ ಪತ್ರವನ್ನೇ ನಂಬಿ, ಬೆಲೆ ಕೊಟ್ಟು, ಪ್ರಾಮಾಣಿಕವಾಗಿ ಜಮೀನು ಕೊಂಡಿದ್ದರೆ, ಅವರ ಹಕ್ಕಿಗೆ ಧಕ್ಕೆ ಬರುವ ಹಾಗೆ ತಿದ್ದಲು ನ್ಯಾಯಾಲಯಕ್ಕೂ ಬರುವುದಿಲ್ಲ.